300 ಡಿಪಿಐ ಮಾಡಿದೀನಲ್ಲ ಸರ್

ಈ ವಾರವೆಲ್ಲ ನನ್ನ ತಲೆಯಲ್ಲಿ ಕೂತಿರುವ ಮಾತು ಇದೊಂದೇ. ಹೇಳಿದ್ದು ನಮ್ಮ ಶಿರಸಿ ಕಡೆಯ ಅಕ್ಕನೊಬ್ಬರ ಅಳಿಯ, ಬೆಂಗಳೂರಿನಿಂದ, ಫೋನಿನಲ್ಲಿ. ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬಾಟಲಿಗೆ ಅಂಟಿಸುವ ಲೇಬಲ್ ಪ್ರೆಸ್ಸಿನಿಂದ ಬಂದಿತ್ತು. ನೋಡಿದರೆ ಲೋಗೋದಲ್ಲಿನ ಮಿಡಿಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ಕೆಳಗಿನ ಹೆಸರಿನ ಒತ್ತಕ್ಷರ ಓದಲಿಕ್ಕೇ ಆಗುತ್ತಿರಲಿಲ್ಲ. ಪ್ರೆಸ್ಸಿನವರು ಫೈಲ್ ಸರಿ ಇಲ್ಲ ಅಂದರು. ಅಳಿಯನನ್ನು ಕೇಳಿದರೆ, "300 ಡಿಪಿಐ ಮಾಡಿದೀನಲ್ಲ ಸರ್."

ಮಾಡಿದ್ದು ನಿಜ. ಆದರೆ ಏನು ಮಾಡಿದ್ದು?

ಲೋಗೋದ ಮೂಲ ಎಸ್‌ವಿಜಿ ಫೈಲು, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಯ ಚಿತ್ರ, ತರಿಸಿಕೊಂಡು ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ತೆಗೆದೆ. ಚಿತ್ರ 60 ಮಿಲಿಮೀಟರ್ ಅಗಲ. ಇಂಕ್‌ಸ್ಕೇಪ್ ತಾನಾಗಿ ಇಟ್ಟುಕೊಳ್ಳುವ ಡಿಪಿಐ, ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ, 96. ಹಾಗೇ ಎಕ್ಸ್‌ಪೋರ್ಟ್ ಒತ್ತಿದರೆ ಬರುವ ಪಿಎನ್‌ಜಿ 227 ಪಿಕ್ಸೆಲ್ ಅಗಲ. ಅಳಿಯ ವೆಬ್‌ಸೈಟಿಗೆ ಹಾಕಿದ್ದು ಅದನ್ನೇ. ಪ್ರೆಸ್ಸಿಗೆ ಬೇಕು ಅಂದಾಗ ಅದೇ ಫೈಲನ್ನು ಫೋಟೋ ಎಡಿಟರಿನಲ್ಲಿ ತೆಗೆದು, ಡಿಪಿಐ ಅಂತ ಇರುವಲ್ಲಿ 300 ಅಂತ ಬರೆದು ಸೇವ್ ಮಾಡಿದ್ದಾರೆ. ಪಿಕ್ಸೆಲ್ ಮಾತ್ರ ಇನ್ನೂ 227. ಒಂದೂ ಹೆಚ್ಚಾಗಿಲ್ಲ.

ಪಿಎನ್‌ಜಿ ಫೈಲಿನೊಳಗೆ ಡಿಪಿಐ ಅನ್ನುವುದು ಬರೀ ಒಂದು ಚೀಟಿ. ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಹಾಕಿ ಛಾಪಿಸಿ ಅಂತ ಪ್ರೆಸ್ಸಿಗೆ ಹೇಳುತ್ತದೆ, ಅಷ್ಟೇ. 227 ಪಿಕ್ಸೆಲನ್ನು ಇಂಚಿಗೆ 300ರಂತೆ ಹಾಕಿದರೆ ಸುಮಾರು 19 ಮಿಲಿಮೀಟರ್ ಅಗಲದ ಚಿತ್ರ ಬರುತ್ತದೆ, ಅಂಚೆ ಚೀಟಿಗಿಂತ ಚಿಕ್ಕದು. ಲೇಬಲ್ಲಿಗೆ ಬೇಕಾದದ್ದು 60. ಪ್ರೆಸ್ಸಿನ ಹುಡುಗ ಎಳೆದು ಹಿಗ್ಗಿಸಿದ, ಚೀಟಿಯಲ್ಲಿ ಏನೇ ಇರಲಿ, ಇಂಚಿಗೆ ಮತ್ತೆ 96 ಪಿಕ್ಸೆಲ್ಲೇ ಆಯಿತು. (ಎಳೆಯುವ ಮೊದಲು ಅವನೂ ಒಂದು ಫೋನ್ ಮಾಡಬಹುದಿತ್ತು ಬಿಡಿ.)

ಲೆಕ್ಕ ಸುಲಭ. ಮಿಲಿಮೀಟರನ್ನು 25.4ರಿಂದ ಭಾಗಿಸಿದರೆ ಇಂಚು, ಅದನ್ನು 300ರಿಂದ ಗುಣಿಸಿದರೆ ಪಿಕ್ಸೆಲ್. 60 ಮಿಲಿಮೀಟರಿಗೆ 709. ಅದನ್ನು ಪಿಎನ್‌ಜಿಯಿಂದಲ್ಲ, ಎಸ್‌ವಿಜಿಯಿಂದಲೇ ಹೊಸದಾಗಿ ತೆಗೆಯಬೇಕು:

```
inkscape logo.svg --export-area-drawing --export-width=709 --export-filename=label-60mm.png
```

ಅದರಲ್ಲಿ --export-area-drawing ಅನ್ನುವ ತುಂಡು ಚಿತ್ರದ ಸುತ್ತಲಿನ ಖಾಲಿ ಜಾಗ ಬಿಟ್ಟುಬಿಡುತ್ತದೆ. ಇಲ್ಲದಿದ್ದರೆ ಪುಟದ ಅಂಚೂ ಆ 709ರಲ್ಲಿ ಪಾಲು ಕೇಳುತ್ತದೆ. ರಟ್ಟಿನ ಡಬ್ಬಿಯ ಮೇಲೆ 180 ಮಿಲಿಮೀಟರ್ ಬೇಕಿತ್ತು, ಅದಕ್ಕೆ 2126 ಹಾಕಿ ಇನ್ನೊಂದು ತೆಗೆದೆ. ಜೊತೆಗೆ ಒಂದು ಪಿಡಿಎಫ್ ಕೂಡ ಕೊಟ್ಟೆ, ಯಾಕೆಂದರೆ ಪಿಎನ್‌ಜಿಯಲ್ಲಿ ಪ್ರೆಸ್ಸಿನ ನಾಲ್ಕು ಶಾಯಿಗಳ ಲೆಕ್ಕದ ಬಣ್ಣ ಇಡಲಿಕ್ಕೇ ಬರುವುದಿಲ್ಲ, ಪರದೆಯ ಬಣ್ಣ ಮಾತ್ರ ಇರುತ್ತದೆ, ಹಸಿರು ಒಮ್ಮೊಮ್ಮೆ ಸಪ್ಪೆಯಾಗುತ್ತದೆ. ಪಿಡಿಎಫ್ ಅಂದರೆ ಪ್ರೆಸ್ಸಿನವರಿಗೆ ಹೆದರಿಕೆ, ಕನ್ನಡ ಅಕ್ಷರ ಒಡೆಯುತ್ತದಂತೆ. ಅವರ ಹೆದರಿಕೆ ಸುಳ್ಳಲ್ಲ. ಅಕ್ಷರವನ್ನು ಮೊದಲೇ ಪಾತ್ ಮಾಡಿಬಿಟ್ಟರೆ ಅದು ಗೆರೆಯ ಚಿತ್ರವಾಗುತ್ತದೆ, ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒಡೆಯುವುದಿಲ್ಲ.

ಅಕ್ಕನ ಪ್ರಶ್ನೆ ಮಾತ್ರ ಬೇರೆ. ಫೋಲ್ಡರ್ ನೋಡಿ, "ಒಂದೇ ಲೋಗೋ ಅಲ್ದ ತಮ್ಮಾ, ಇಷ್ಟೆಲ್ಲ ಫೈಲು ಎಂತಕ್ಕೆ? ದೊಡ್ಡದೊಂದನ್ನೇ ಎಲ್ಲ ಕಡೆ ಹಾಕಿದ್ರೆ ಆಗದಾ?" ಅಂದರು. ಅಳಿಯನಿಗಿಂತ ಒಳ್ಳೆಯ ಪ್ರಶ್ನೆ. ಪ್ರೆಸ್ಸಿಗಾದರೆ ಬಹುಮಟ್ಟಿಗೆ ಆಗುತ್ತದೆ. ವೆಬ್‌ಸೈಟಿನಲ್ಲಿ ಆಗದು. ಅಲ್ಲಿ ಲೋಗೋ ಕಾಣುವ ಅಗಲ 160 ಪಿಕ್ಸೆಲ್, ಮೊಬೈಲ್ ಪರದೆ ದಟ್ಟ ಇರುವುದರಿಂದ ಅದರ ಎರಡು ಪಟ್ಟು 320 ಮತ್ತು ಮೂರು ಪಟ್ಟು 480 ಸಾಕು. ಡಬ್ಬಿಯ 2126 ಹಾಕಿದರೆ ಘಟ್ಟದ ಕೆಳಗೆ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ನೋಡುವವರು ಸುಮ್ನೆ ಕಾಯಬೇಕು.

ನಿಜವಾಗಿ ಕಾಡಿದ್ದು ಬ್ರೌಸರಿನ ಟ್ಯಾಬಿನ ಪುಟ್ಟ ಚಿತ್ರ, 32 ಪಿಕ್ಸೆಲ್. ಮೂಲದಲ್ಲಿ ಮಿಡಿಯ ತೊಟ್ಟು ಅರ್ಧ ಮಿಲಿಮೀಟರ್ ದಪ್ಪ. ಪೂರ್ತಿ ಲೋಗೋವನ್ನು 32ಕ್ಕೆ ಇಳಿಸಿದರೆ ಆ ತೊಟ್ಟಿಗೆ ಸಿಗುವುದು ಕಾಲು ಪಿಕ್ಸೆಲ್. ಕಾಲು ಪಿಕ್ಸೆಲ್ ಅಂತ ಪರದೆಯಲ್ಲಿ ಇಲ್ಲ, ಹಾಗಾಗಿ ಮಸುಕು ಬೂದು ಕಲೆಯಾಗುತ್ತದೆ. ಹೆಸರು ತೆಗೆದು ಮಿಡಿ ಮತ್ತು ಎಲೆಯ 24 ಮಿಲಿಮೀಟರ್ ಚೌಕ ಮಾತ್ರ ಇಟ್ಟೆ. ಆಗಲೂ ಒಂದು ಪಿಕ್ಸೆಲ್ ತುಂಬಲಿಲ್ಲ. ಕೊನೆಗೆ ತೊಟ್ಟನ್ನೇ ಒಂದೂವರೆ ಮಿಲಿಮೀಟರ್ ದಪ್ಪ ಮಾಡಿದೆ, ಸರಿಯಾಗಿ ಎರಡು ಪಿಕ್ಸೆಲ್ ಆಯಿತು. ದೊಡ್ಡದಾಗಿ ನೋಡಿದರೆ ಮಿಡಿಗೆ ಕೋಲು ಚುಚ್ಚಿದ ಹಾಗಿದೆ, ಟ್ಯಾಬಿನಲ್ಲಿ ಮಾತ್ರ ಚೆಂದ. ಎಕ್ಸ್‌ಪೋರ್ಟ್ ಒತ್ತಿದರೆ ಸಿಗುವುದಲ್ಲ ಇದು, ಇನ್ನೊಂದು ಚಿತ್ರವನ್ನೇ ಬರೆಯಬೇಕು.

ಎಲ್ಲವನ್ನೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ. ಫೋಟೋ ಆಗಿ ಕಳಿಸಿದರೆ ಹಿನ್ನೆಲೆಯ ಪಾರದರ್ಶಕತೆ ಹೋಗುತ್ತದೆ, ಪಿಕ್ಸೆಲ್ಲೂ ಕಡಿಮೆಯಾಗಬಹುದು. ಅಳಿಯ ಪಾಪ ಕೆಟ್ಟವರಲ್ಲ, ಅಂಗಡಿಯವರ ಹತ್ತಿರ ಮಾತಾಡುವ ತಾಳ್ಮೆ ಅವರಿಗಿದ್ದಷ್ಟು ನನಗಿಲ್ಲ. ನಿನ್ನೆ ಸಂಜೆ ಅವರ ಮೆಸೇಜ್ ಬಂತು: ಜಾತ್ರೆಯ ಅಂಗಡಿಗೆ ಆರು ಅಡಿ ಫ್ಲೆಕ್ಸ್ ಬೇಕಂತೆ, "600 ಡಿಪಿಐ ಮಾಡಿ ಕಳಿಸಲಾ ಸರ್?" ದೂರದಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 100 ಧಾರಾಳ, ಅಂದರೆ 7200 ಪಿಕ್ಸೆಲ್, ನೀವು ಏನೂ ಮಾಡಬೇಡಿ, ಎಸ್‌ವಿಜಿ ಇದ್ದ ಹಾಗೇ ಇರಲಿ ಅಂತ ಬರೆದೆ.