ಮೀಟರ್ ವೇಗವಾಗಿ ಓಡುತ್ತಿದೆ ಎಂದು ಬರೆದದ್ದೇ ನಮ್ಮ ತಪ್ಪು

ನಾನು ಒಂದು ತರಬೇತಿ ಸಂಸ್ಥೆಯ ಆಡಳಿತ ವಿಭಾಗದಲ್ಲಿದ್ದೇನೆ. ನೀರು, ವಿದ್ಯುತ್, ದೂರವಾಣಿ ಬಿಲ್ಲುಗಳನ್ನು ಪರಿಶೀಲಿಸಿ ಪಾವತಿಗೆ ಕಳುಹಿಸುವುದು ನನ್ನ ಕೆಲಸ. ತಿಂಗಳಿಗೆ 400ರಿಂದ 440 ಯೂನಿಟ್‌ಗಳ ಆಸುಪಾಸಿನಲ್ಲಿರುತ್ತಿದ್ದ ನಮ್ಮ ಕಟ್ಟಡದ ವಿದ್ಯುತ್ ಬಳಕೆ ಒಂದು ತಿಂಗಳು ಇದ್ದಕ್ಕಿದ್ದಂತೆ 1,237 ಯೂನಿಟ್ ಎಂದು ಬಿಲ್ಲಿನಲ್ಲಿ ನಮೂದಾಗಿ ಬಂದಿತು. ಆ ತಿಂಗಳು ಹೊಸ ಯಂತ್ರವನ್ನೇನೂ ತಂದಿರಲಿಲ್ಲ, ತರಗತಿಗಳ ಸಂಖ್ಯೆಯೂ ಹೆಚ್ಚಿರಲಿಲ್ಲ.

ಮೊದಲು ಬಿಲ್ಲಿನಲ್ಲೇ ತಪ್ಪಿದೆಯೇ ಎಂದು ನೋಡಿದೆ. ಬಿಲ್ಲಿನಲ್ಲಿದ್ದ ಮೀಟರ್ ಸಂಖ್ಯೆಯೂ ಗೋಡೆಯ ಮೇಲಿದ್ದ ಮೀಟರಿನ ಸಂಖ್ಯೆಯೂ ಒಂದೇ ಆಗಿದ್ದವು. ಹಿಂದಿನ ಬಿಲ್ಲಿನ ಅಂತಿಮ ರೀಡಿಂಗ್ 48,215 ಆಗಿತ್ತು, ಈ ಬಿಲ್ಲಿನ ಆರಂಭವೂ ಅದೇ ಆಗಿತ್ತು. ಹಿಂದಿನ ತಿಂಗಳುಗಳಲ್ಲಿ ಮೀಟರ್ ನೋಡದೆ ಅಂದಾಜಿನ ಮೇಲೆ ಬಿಲ್ ಹಾಕಿದ್ದರೆ, ಉಳಿದ ಬಾಕಿಯೆಲ್ಲ ಒಂದೇ ಬಿಲ್ಲಿಗೆ ಬಂದು ಬೀಳುವುದುಂಟು. ಆದರೆ ನಮ್ಮ ಹನ್ನೆರಡು ತಿಂಗಳ ಬಿಲ್ಲುಗಳಲ್ಲೂ ನಿಜವಾದ ರೀಡಿಂಗ್ ಇತ್ತು. ಅಂತಿಮ ರೀಡಿಂಗ್ 49,452 ಎಂಬುದನ್ನು ಮೀಟರಿನ ಪರದೆಯೂ ಸಮರ್ಥಿಸುತ್ತಿತ್ತು. ಬರೆದುಕೊಂಡವರ ತಪ್ಪಲ್ಲವೆಂದ ಮೇಲೆ ಮೀಟರಿನದೇ ತಪ್ಪು ಎಂದು ನಿರ್ಧರಿಸಿ, ಮೀಟರ್ ವೇಗವಾಗಿ ಓಡುತ್ತಿದೆ, ದಯವಿಟ್ಟು ಪರೀಕ್ಷಿಸಿ ಎಂದು ಪೂರೈಕೆ ಕಂಪನಿಗೆ ಅರ್ಜಿ ಬರೆದೆ.

ಪರೀಕ್ಷಾ ಸಿಬ್ಬಂದಿ ಬಂದು, ತಮ್ಮ ಪ್ರಮಾಣಿತ ಮೀಟರನ್ನು ನಮ್ಮ ಮೀಟರಿನ ಜೊತೆಗೆ ಜೋಡಿಸಿ, ಗೊತ್ತಾದ ಲೋಡ್ ಕೊಟ್ಟು ನೋಡಿದರು. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆಯಿದ್ದು, ಅನುಮತಿಸಿದ ಮಿತಿಯೊಳಗೇ ಇತ್ತು. ಮೇನ್ ಸ್ವಿಚ್ ಆರಿಸಿದಾಗ ಮೀಟರಿನ ಮಿನುಗುವ ಕೆಂಪು ದೀಪವೂ ಪೂರ್ತಿ ನಿಂತಿತು. ಹಾಗಾಗಿ ಲೋಡ್ ಇಲ್ಲದಿದ್ದರೂ ಮೀಟರ್ ಓಡುತ್ತಿದೆ ಅಥವಾ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವಿನಿಂದ ಬೇರೆಯವರು ವಿದ್ಯುತ್ ಎಳೆಯುತ್ತಿದ್ದಾರೆ ಎಂಬ ಅನುಮಾನಕ್ಕೂ ಎಡೆ ಉಳಿಯಲಿಲ್ಲ. ಮೀಟರ್ ಸರಿಯಿದೆ, ಬಿಲ್ ಪಾವತಿಸಿ ಎಂಬ ಉತ್ತರ ಬಂದಿತು. ಅವರ ಪರೀಕ್ಷೆಯಲ್ಲಿ ದೋಷವೇನೂ ಇರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು, ಆದರೆ ಪ್ರಶ್ನೆಯೇ ತಪ್ಪಾಗಿತ್ತು.

ಮೀಟರಿನಲ್ಲಿ ಎರಡು ಬಗೆಯ ತಪ್ಪುಗಳಾಗಬಹುದು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಒಂದು, ಅದು ಪ್ರತಿ ಯೂನಿಟ್ಟನ್ನೂ ಹೆಚ್ಚಾಗಿ ಎಣಿಸುವುದು. ಈ ದೋಷ ದಿನವೂ ಮುಂದುವರಿಯುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು, ಎಲೆಕ್ಟ್ರಾನಿಕ್ ಮೀಟರಿನ ಲೆಕ್ಕದ ಅಂಕಿ ಯಾವುದೋ ಒಂದು ಕ್ಷಣದಲ್ಲಿ ತಾನಾಗಿ ಮುಂದಕ್ಕೆ ಜಿಗಿದು, ಅನಂತರ ಎಂದಿನಂತೆ ಸರಿಯಾಗಿ ಎಣಿಸುತ್ತಾ ಹೋಗುವುದು. ಇದು ಅಪರೂಪ. ಜಿಗಿದ ಮೇಲೆ ಎಷ್ಟು ಸಲ ಪರೀಕ್ಷಿಸಿದರೂ ಮೀಟರ್ ಸರಿಯಾಗಿಯೇ ಕಾಣುತ್ತದೆ. ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಬಿಲ್ ಬಂದ ಮೇಲಿನ ದಿನಗಳ ರೀಡಿಂಗ್ ಸಾಕು. ನಾನು ಒಂಬತ್ತು ದಿನ ಬೆಳಿಗ್ಗೆ ಅದೇ ಹೊತ್ತಿಗೆ ಬರೆದುಕೊಂಡೆ, ಪ್ರತಿಸಲವೂ ಮೀಟರಿನ ಪರದೆಯ ಫೋಟೋ ತೆಗೆದೆ. ದಿನದ ಬಳಕೆ 12ರಿಂದ 16 ಯೂನಿಟ್‌ಗಳ ನಡುವೆಯೇ ಇತ್ತು, ಅಂದರೆ ನಮ್ಮ ಹಳೆಯ ಸರಾಸರಿಗೆ ಹೊಂದುತ್ತಿತ್ತು. ವೇಗದ ದೋಷವಾಗಿದ್ದರೆ ಈ ಅಂಕಿ ನಲವತ್ತರ ಹತ್ತಿರ ಇರಬೇಕಾಗಿತ್ತು.

ಹಾಗಾದರೆ ಜಿಗಿತ ಯಾವಾಗ ಆಯಿತು? ಬಿಲ್ಲುಗಳಲ್ಲಿ ತಿಂಗಳಿಗೆ ಒಂದೇ ರೀಡಿಂಗ್ ಇರುವುದರಿಂದ ಅವುಗಳಿಂದ ಇದು ಸಿಗುವುದಿಲ್ಲ. ಉತ್ತರ ಸಿಕ್ಕಿದ್ದು ನಮ್ಮ ಜನರೇಟರಿನ ಲಾಗ್ ಪುಸ್ತಕದಲ್ಲಿ. ಪ್ರತಿ ಶನಿವಾರ ಸಂಜೆ ಕಟ್ಟಡ ಮುಚ್ಚುವಾಗಲೂ ಸೋಮವಾರ ಬೆಳಿಗ್ಗೆ ತೆರೆಯುವಾಗಲೂ ನಮ್ಮ ಕಾವಲುಗಾರರು ಜನರೇಟರನ್ನು ಕೆಲವು ನಿಮಿಷ ಓಡಿಸಿ ನೋಡುತ್ತಾರೆ. ಆ ಪುಸ್ತಕದಲ್ಲಿ ಮೀಟರ್ ರೀಡಿಂಗಿಗೂ ಒಂದು ಅಂಕಣವಿದ್ದುದರಿಂದ ಅವರು ಅದನ್ನೂ ತಪ್ಪದೆ ತುಂಬಿದ್ದರು. ಆ ಅಂಕಣವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಓದಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಆ ತಿಂಗಳ ಮೂರನೆಯ ಶನಿವಾರ ಸಂಜೆ ಆರು ಗಂಟೆಗೆ 48,460 ಎಂದಿತ್ತು, ಸೋಮವಾರ ಬೆಳಿಗ್ಗೆ ಎಂಟಕ್ಕೆ 49,266 ಎಂದಿತ್ತು. ಬೀಗ ಹಾಕಿದ ಕಟ್ಟಡದಲ್ಲಿ 38 ಗಂಟೆಗಳಲ್ಲಿ 806 ಯೂನಿಟ್. ಇದನ್ನು ಗಂಟೆಗಳಿಂದ ಭಾಗಿಸಿದರೆ ಬಿಡುವಿಲ್ಲದೆ 21 ಕಿಲೋವ್ಯಾಟಿಗೂ ಹೆಚ್ಚಿನ ಲೋಡ್ ಆಗುತ್ತದೆ, 230 ವೋಲ್ಟಿನ ನಮ್ಮ ಸಿಂಗಲ್ ಫೇಸ್ ಸಂಪರ್ಕದಲ್ಲಿ ಅದು ಸುಮಾರು 92 ಆಂಪಿಯರ್. ಆದರೆ ಮಿತಿ ಮೀರಿ ವಿದ್ಯುತ್ ಹರಿದರೆ ತಾನಾಗಿ ಸಂಪರ್ಕ ಕಡಿಯುವ ನಮ್ಮ ಮೇನ್ ಎಂಸಿಬಿ ಇರುವುದೇ 40 ಆಂಪಿಯರಿನದು. ಅದು ತಾಳುವ 40 ಆಂಪಿಯರನ್ನು 38 ಗಂಟೆಯೂ ಪೂರ್ತಿ ಎಳೆದಿದ್ದೇವೆಂದು ಇಟ್ಟುಕೊಂಡರೂ 350 ಯೂನಿಟ್ ದಾಟುವಂತಿಲ್ಲ. 92 ಆಂಪಿಯರ್ ಹರಿದಿದ್ದರೆ ಎಂಸಿಬಿ ನಿಮಿಷಗಳಲ್ಲೇ ಟ್ರಿಪ್ ಆಗುತ್ತಿತ್ತು. ಇಷ್ಟು ವಿದ್ಯುತ್ತನ್ನು ನಾವು ಬಳಸಿಲ್ಲ ಎನ್ನುವುದಕ್ಕಿಂತ, ಬಳಸಲು ಸಾಧ್ಯವೇ ಇರಲಿಲ್ಲ ಎನ್ನುವ ಈ ಲೆಕ್ಕ ಹೆಚ್ಚು ಗಟ್ಟಿಯಾದದ್ದು. ಸರಾಸರಿಯ ವಾದಕ್ಕೆ ಆ ತಿಂಗಳು ನೀವು ಹೆಚ್ಚು ಬಳಸಿರಬಹುದು ಎಂಬ ಉತ್ತರ ಯಾವಾಗಲೂ ಇದ್ದೇ ಇರುತ್ತದೆ.

ಈ ಪುರಾವೆಗೂ ಒಂದು ದುರ್ಬಲ ಜಾಗವಿತ್ತು. ಲಾಗ್ ಪುಸ್ತಕ ನಮ್ಮದು, ಕೈಬರಹವೂ ನಮ್ಮವರದು, ಬೇಕಾದಂತೆ ಬರೆದುಕೊಂಡಿದ್ದೀರಿ ಎಂದರೆ ಏನು ಹೇಳುವುದು? ಅದಕ್ಕಾಗಿ ಹಿಂದಿನ ಹನ್ನೆರಡು ತಿಂಗಳ ಬಿಲ್ ರೀಡಿಂಗುಗಳನ್ನು ದಿನಾಂಕದ ಪ್ರಕಾರ ಲಾಗ್ ಪುಸ್ತಕದ ನಮೂದುಗಳ ನಡುವೆ ಇಟ್ಟು ಒಂದೇ ಪಟ್ಟಿ ಮಾಡಿದೆ. ಪ್ರತಿಯೊಂದು ಬಿಲ್ ರೀಡಿಂಗೂ ತನ್ನ ಹಿಂದಿನ ಮತ್ತು ಮುಂದಿನ ನಮೂದುಗಳ ನಡುವೆ ಸರಿಯಾಗಿ ಕೂರುತ್ತಿತ್ತು. ಕಂಪನಿಯ ಅಂಕಿಗಳೇ ನಮ್ಮ ಪುಸ್ತಕಕ್ಕೆ ಸಾಕ್ಷಿಯಾದವು.

ಎರಡನೆಯ ಅರ್ಜಿಯಲ್ಲಿ ವೇಗದ ಮಾತನ್ನೇ ಎತ್ತಲಿಲ್ಲ. ಇಂಥ ಶನಿವಾರದ ಸಂಜೆ ಮತ್ತು ಸೋಮವಾರದ ಬೆಳಿಗ್ಗೆಯ ನಡುವೆ ಮೀಟರಿನ ಅಂಕಿ ಸುಮಾರು 800 ಯೂನಿಟ್ ಜಿಗಿದಿದೆ ಎಂದು ಬರೆದು, ಪಟ್ಟಿಯನ್ನೂ ಎಂಸಿಬಿಯ ಲೆಕ್ಕವನ್ನೂ ಲಗತ್ತಿಸಿ, ಮೀಟರಿನ ನೆನಪಿನಲ್ಲಿರುವ ಲೋಡ್ ಸರ್ವೆ ದತ್ತಾಂಶವನ್ನು ಇಳಿಸಿಕೊಂಡು ಅದರ ಪ್ರತಿಯನ್ನು ಕೊಡಬೇಕೆಂದು ಕೇಳಿದೆ. ಇಂಥ ಸೌಲಭ್ಯವಿರುವ ಮೀಟರ್ ಅರ್ಧ ಗಂಟೆ ಅಥವಾ ಕಾಲು ಗಂಟೆಗೊಮ್ಮೆ ಆ ಅವಧಿಯ ಬಳಕೆಯನ್ನು ಪ್ರತ್ಯೇಕವಾಗಿ ದಾಖಲಿಸುತ್ತದೆ. ಆದರೆ ಅದರ ನೆನಪಿಗೆ ಮಿತಿಯಿದ್ದು, ಹೊಸ ದಿನಗಳು ಸೇರುತ್ತಿದ್ದಂತೆ ಹಳೆಯ ದಿನಗಳು ಅಳಿಸಿಹೋಗುತ್ತವೆ. ಮೊದಲ ಅರ್ಜಿಗೇ ಎರಡು ವಾರ ಕಳೆದಿದ್ದ ನಮಗೆ ಇನ್ನಷ್ಟು ತಡಮಾಡಿದ್ದರೆ ಆ ಶನಿವಾರ ಸಿಗದೇ ಹೋಗಬಹುದಿತ್ತು. ಈ ಮಧ್ಯೆ ಬಿಲ್ಲಿನ ಕೊನೆಯ ದಿನಾಂಕ ಬಂದುದರಿಂದ, ಹಿಂದಿನ ಸರಾಸರಿಯ ಮೊತ್ತವನ್ನು ಕಟ್ಟಲು ಲಿಖಿತ ಒಪ್ಪಿಗೆ ಪಡೆದು ಅಷ್ಟನ್ನು ಕಟ್ಟಿದೆವು.

ಇಳಿಸಿಕೊಂಡ ದಾಖಲೆಯಲ್ಲಿ ಆ 38 ಗಂಟೆಗಳ ಬಳಕೆ ಒಟ್ಟು 6 ಯೂನಿಟ್ ಇತ್ತು. ಇಡೀ ಬಿಲ್ ಅವಧಿಯ ಮೊತ್ತ 437 ಯೂನಿಟ್. ಒಂದೇ ಮೀಟರ್ ತನ್ನ ಪರದೆಯಲ್ಲಿ 1,237 ಎಂದೂ ನೆನಪಿನಲ್ಲಿ 437 ಎಂದೂ ಹೇಳುತ್ತಿದ್ದುದರಿಂದ ವಾದಕ್ಕೆ ಏನೂ ಉಳಿಯಲಿಲ್ಲ. 437 ಯೂನಿಟ್‌ಗಳಿಗೆ ಬಿಲ್ ಪರಿಷ್ಕರಿಸಿ, ಮೀಟರ್ ಬದಲಿಸಲು ಆದೇಶವಾಯಿತು.

ಹೊಸ ಮೀಟರ್ ಕೂರಿಸಲು ಬಂದವರು ಸಹಿಗೆಂದು ಕೊಟ್ಟ ಹಾಳೆಯಲ್ಲಿ, ತೆಗೆದ ಮೀಟರಿನ ಅಂತಿಮ ರೀಡಿಂಗ್ ಬರೆಯುವ ಜಾಗ ಖಾಲಿಯಿತ್ತು. ಆಮೇಲೆ ತುಂಬುತ್ತೇವೆ ಎಂದರು. ಅಲ್ಲೇ ತುಂಬಿಸಿ, ಹಳೆಯದರ ಪರದೆ ಆರುವ ಮೊದಲು ಫೋಟೋ ತೆಗೆದುಕೊಂಡು, ಹೊಸ ಮೀಟರಿನ ಆರಂಭದ ರೀಡಿಂಗನ್ನೂ ಅದೇ ಹಾಳೆಯಲ್ಲಿ ಬರೆಸಿದ ಮೇಲೆ ಸಹಿ ಹಾಕಿದೆ.