ಮೂರನೇ ಲೇಥಿನ ನೋಟ್‌ಬುಕ್ಕು ಮತ್ತು ಎರಡು ನಿಮಿಷದ ಮಾತು

"ಸಾರ್, ನಾಳೆ ತಿಂಗಳ ಉದ್ಯೋಗಿಗೆ ಸರ್ಟಿಫಿಕೇಟ್ ಕೊಡೋದಿದೆ, ನಾನು ಎರಡು ಮಾತಾಡಬೇಕು. ಎಲ್ಲರೂ ಹೇಳೋ ಅದೇ ಸವಕಲು ಮಾತು ಬಿಟ್ಟು ಏನು ಹೇಳ್ಲಿ?"

ಹೊಸದಾಗಿ ಮ್ಯಾನೇಜರ್ ಆದವರು ಸಾಮಾನ್ಯವಾಗಿ ಹಿಂದಿನ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ ಇದನ್ನ ಕೇಳ್ತಾರೆ. ಅಷ್ಟು ಹೊತ್ತಿಗೆ ನಾನು ಹೇಳಿಕೊಡೋಕೆ ಏನೂ ಉಳಿದಿರಲ್ಲ, ಯಾಕಂದ್ರೆ ಆ ಮಾತು ಸಿಗೋದು ಶಾಪ್ ಫ್ಲೋರಿನಲ್ಲಿ. ಎರಡು ದಿನ ಮುಂಚೆ ಕೇಳಿದ್ರೆ ಮಾತ್ರ ನನ್ನ ಉತ್ತರ ಉಪಯೋಗಕ್ಕೆ ಬರುತ್ತೆ.

ಮೊದಲು ನನ್ನದೇ ಮಾನ ಕಳ್ಕೊಂಡ ಕಥೆ. ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ನಾನು ಮ್ಯಾನೇಜರ್ ಆದ ಹೊಸತು. ಪ್ರತಿ ತಿಂಗಳ ಮೊದಲ ಶನಿವಾರ, ಶಿಫ್ಟ್ ಬದಲಾಗೋ ಎರಡು ಗಂಟೆಗೆ, ಎರಡೂ ಶಿಫ್ಟಿನವರು ನಿಂತಿರುವಾಗ ನಾನು ಹೇಳ್ತಿದ್ದೆ: "ಇವರು ಶ್ರಮಜೀವಿ, ಪ್ರಾಮಾಣಿಕರು, ಸದಾ ನಗುಮುಖ, ಸಂಸ್ಥೆಗೆ ಅಮೂಲ್ಯ ಆಸ್ತಿ." ಮೂರನೇ ತಿಂಗಳು ನಾನು "ಸದಾ" ಅಂದೆ, ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ "ನಗುಮುಖ" ಅಂದ. ಎಲ್ಲರೂ ನಕ್ಕರು. ಸರ್ಟಿಫಿಕೇಟ್ ಹಿಡ್ಕೊಂಡು ನಿಂತಿದ್ದವನೂ ನಕ್ಕ. ಪಾಪ, ಅವನು ಆ ತಿಂಗಳು ನಿಜವಾಗಿಯೂ ಏನೋ ಒಳ್ಳೆ ಕೆಲಸ ಮಾಡಿದ್ದ. ಅದೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಸರಿಯಾಗಿ ಮಾತಾಡಿದ ಒಂದು ಸಲದ ವಿಷಯ ಹೇಳ್ತೀನಿ. ಹೆಸರು ಇಲ್ಲಿ ಬೇಡ, ಅವರು ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕಡೆಯೋ ಮೂರನೇ ನಂಬರ್ ಸಿಎನ್‌ಸಿ ಲೇಥಿನ ಆಪರೇಟರ್.

ಆ ಲೇಥಿನಲ್ಲಿ ಒಂದು ಸ್ಟೀಲ್ ಬುಷ್, ಅಂದ್ರೆ ತುಂಡು ಕೊಳವೆಯಂಥ ಪೀಸು, ಓಡ್ತಿತ್ತು. ಒಳಗಿನ ತೂತಿನ ಅಳತೆ, ಅಂದ್ರೆ ಬೋರ್, 32 ಎಚ್7. ಅಂದ್ರೆ 32.000ದಿಂದ 32.025 ಮಿ.ಮೀ. ಒಳಗೆ ಇರಬೇಕು. ಸಿಗೋ ಜಾಗ ಒಟ್ಟು 25 ಮೈಕ್ರಾನ್, ಒಂದು ತಲೆಕೂದಲಿಗಿಂತ ಕಡಿಮೆ. ಬೋರ್ ಸಣ್ಣದಾದ್ರೆ ಇನ್ನೊಂದು ಸಲ ಕೊರೆದು ಸರಿಮಾಡಬಹುದು. ದೊಡ್ಡದಾದ್ರೆ ಸ್ಕ್ರ್ಯಾಪ್ ಡಬ್ಬಕ್ಕೇ. ದಿನಾ ಬೆಳಗ್ಗೆ ಆರರ ಶಿಫ್ಟಿನಲ್ಲಿ ಒಂದೋ ಎರಡೋ ಪೀಸು ದೊಡ್ಡದಾಗಿ ಹೋಗ್ತಿತ್ತು. ಮಧ್ಯಾಹ್ನದ ಶಿಫ್ಟಿನಲ್ಲಿ ಆ ಗೋಳೇ ಇಲ್ಲ. ಹಾಗಾಗಿ "ಫಸ್ಟ್ ಶಿಫ್ಟಿನವರು ನಿದ್ದೆಗಣ್ಣಲ್ಲಿ ಕೆಲಸ ಮಾಡ್ತಾರೆ" ಅನ್ನೋದು ಎಲ್ಲರ ಬಾಯಲ್ಲೂ ಇದ್ದ ಮಾತು. ನನ್ನ ಬಾಯಲ್ಲೂ ಇತ್ತು. ಸೂಪರ್‌ವೈಸರ್ ಟೂಲಿನ ತುದಿಯಲ್ಲಿ ಲೋಹ ಕಡಿಯೋ ಇನ್ಸರ್ಟ್ ಮೇಲೆ ತಪ್ಪು ಹೊರಿಸಿ ಬೇಗ ಬೇಗ ಬದಲಾಯಿಸಿ ಅಂತ ಹೇಳಿದ್ರು.

ಈ ಆಪರೇಟರ್ ಒಂದು ದಿನ ಆಫೀಸಿಗೆ ಬಂದು ಕೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಸಾರ್, ನಮಗೆ ವಾರವಾರ ಶಿಫ್ಟ್ ಬದಲಾಗುತ್ತೆ. ಸೆಕೆಂಡ್ ಶಿಫ್ಟಿಗೆ ಬಂದ್ರೆ ಜಾಣ, ಫಸ್ಟ್ ಶಿಫ್ಟಿಗೆ ಹೋದ್ರೆ ದಡ್ಡ ಆಗ್ತೀನಾ ನಾನು?" ಅಷ್ಟು ಹೇಳಿ ಇನ್ನೊಂದು ಮಾತು ಸೇರಿಸಿದ್ರು. "ಇನ್ಸರ್ಟ್ ಸವೆದ್ರೆ ಬೋರ್ ಸಣ್ಣದಾಗ್ಬೇಕು ಸಾರ್. ಇಲ್ಲಿ ದೊಡ್ಡದಾಗ್ತಾ ಇದೆ."

ಇಂಥದ್ದನ್ನ ಕೇಳಿಸ್ಕೊಂಡು ಸುಮ್ಮನಿರೋ ಮ್ಯಾನೇಜರ್‌ಗಳೂ ಇದ್ದಾರೆ. ನಾನೂ ಒಂದು ವಾರ ಸುಮ್ಮನಿದ್ದೆ. ಅವರು ಸುಮ್ಮನಿರಲಿಲ್ಲ. ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಹತ್ತು ಪೀಸಿಗೊಂದು ಅಳತೆ ಬರೆದ್ರೆ ಸಾಕಿತ್ತು. ಅವರು ಮೊದಲ ಒಂದು ಗಂಟೆ ಮೂರು ಪೀಸಿಗೊಂದು ಅಳತೆ ತೆಗೆದು, ಪಕ್ಕದಲ್ಲಿ ಗಡಿಯಾರದ ಹೊತ್ತು ಹಾಕಿ, ತಮ್ಮದೇ ನೋಟ್‌ಬುಕ್ಕಿನ ಕೊನೇ ಹಾಳೆಗಳಲ್ಲಿ ಬರೆದಿಟ್ಟರು. ತಮ್ಮ ಶಿಫ್ಟ್ ಇಲ್ಲದ ವಾರ ಫಸ್ಟ್ ಶಿಫ್ಟಿನ ಗೆಳೆಯನ ಕೈಲಿ ಬರೆಸಿದ್ರು. ಮೂರು ವಾರ. ಆ ಹಾಳೆ ನೋಡಿದ್ರೆ ಯಾರಿಗೂ ವಿವರಿಸಬೇಕಾಗಿಲ್ಲ: ಆರೂಕಾಲಿಗೆ 32.008, ಆರೂವರೆಗೆ 32.017, ಏಳು ಗಂಟೆಗೆ ಇಪ್ಪತ್ತೈದರ ಅಂಚು, ಆಮೇಲೆ ಅಲ್ಲೇ ನಿಂತುಬಿಡುತ್ತೆ. ರಾತ್ರಿ ಹನ್ನೊಂದಕ್ಕೆ ಮಷೀನ್ ನಿಲ್ಲಿಸಿ ಬೆಳಗ್ಗೆ ಶುರುಮಾಡಿದಾಗ ಪೀಸು ತಿರುಗಿಸೋ ಸ್ಪಿಂಡಲ್ಲು, ಟೂಲನ್ನ ಸರಿಸೋ ಬಾಲ್ ಸ್ಕ್ರೂ ಎಲ್ಲ ತಣ್ಣಗಿರುತ್ತೆ. ಓಡ್ತಾ ಓಡ್ತಾ ಬಿಸಿಯಾಗಿ ಹಿಗ್ಗುತ್ತೆ, ಟೂಲ್ ಇರೋ ಜಾಗ ಅಷ್ಟಿಷ್ಟು ಸರಿಯುತ್ತೆ, ಸೈಜು ಏರುತ್ತೆ. ಮಧ್ಯಾಹ್ನದವರಿಗೆ ಸಿಗೋದು ಕಾದ ಮಷೀನು. ಅದಕ್ಕೇ ಅವರು ಜಾಣರು.

ಪರಿಹಾರ ಸಣ್ಣದು. ಆರು ಗಂಟೆಗೆ ಜಾಬ್ ಹಾಕದೆ, ಬಾಗಿಲು ಮುಚ್ಚಿ, ಕೂಲಂಟ್ ಬಿಟ್ಟು, ಸ್ಪಿಂಡಲ್ಲೂ ಆಕ್ಸಿಸ್ಸೂ ಇಪ್ಪತ್ತು ನಿಮಿಷ ಖಾಲಿ ಓಡೋ ಹಾಗೆ ಒಂದು ವಾರ್ಮ್‌ಅಪ್ ಪ್ರೋಗ್ರಾಂ. ಆಮೇಲೆ ಉಳಿದದ್ದು ಮೂರು ನಾಲ್ಕು ಮೈಕ್ರಾನ್ ಏರಿಕೆ, ಅದು ಲಿಮಿಟ್ಟಿನ ಒಳಗೇ ಅಡಗುತ್ತೆ.

ಈಗ ಭಾಷಣದ ಸಿದ್ಧತೆಗೆ ಬರೋಣ. ನಾನು ಮೊದಲು ರಿಜೆಕ್ಷನ್ ರಿಜಿಸ್ಟರ್ ತೆಗೆದೆ. ವಾರ್ಮ್‌ಅಪ್ ಶುರುವಾಗೋ ಹಿಂದಿನ 24 ಕೆಲಸದ ದಿನದಲ್ಲಿ ಮೊದಲ ಗಂಟೆಯ ಸ್ಕ್ರ್ಯಾಪ್ 43 ಪೀಸ್, ಆಮೇಲಿನ 24 ದಿನದಲ್ಲಿ 6. ಇದನ್ನ ರೂಪಾಯಿಗೆ ತಿರುಗಿಸಿ ಲಕ್ಷದ ಲೆಕ್ಕ ಹೇಳೋ ಆಸೆ ಬರುತ್ತೆ. ಬೇಡ. ನಿಂತವರಿಗೆ ಪೀಸಿನ ರೇಟು ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ, ನಿಮ್ಮ ಲೆಕ್ಕ ಉಬ್ಬಿದೆ ಅಂತ ಅನ್ನಿಸಿದ ಕ್ಷಣ ಉಳಿದ ಮಾತನ್ನೂ ನಂಬಲ್ಲ. ಜೊತೆಗೆ, ಲಕ್ಷ ಉಳೀತು ಅಂತ ಹೇಳಿ ಐನೂರು ರೂಪಾಯಿ ಕೂಪನ್ ಕೊಟ್ರೆ ಹೇಗಿರುತ್ತೆ ಯೋಚನೆ ಮಾಡಿ.

ರಿಜಿಸ್ಟರ್ ಆದಮೇಲೆ ಆ ಕೆಲಸದ ಫಲ ಉಣ್ಣುವವರ ಹತ್ತಿರ ಹೋಗಬೇಕು. ಇಲ್ಲಿ ಅದು ಫೈನಲ್ ಇನ್‌ಸ್ಪೆಕ್ಷನ್ನಿನ ಹೆಣ್ಣುಮಗಳು. "ಏನು ಬದಲಾಯ್ತಮ್ಮ?" ಅಂದ್ರೆ, "ಬೆಳಗಿನ ಟ್ರೇನ ನಾನು ಬೇರೆ ಇಟ್ಟು ಒಂದೊಂದಕ್ಕೂ ಪ್ಲಗ್ ಗೇಜ್ ಹಾಕ್ತಿದ್ದೆ ಸಾರ್, ಈಗ ಬೇರೆ ಇಡಲ್ಲ" ಅಂದ್ರು. ನಾನು ಕೂತು ಬರೆದಿದ್ರೆ ಈ ಸಾಲು ಹುಟ್ತಿರಲಿಲ್ಲ.

ಕೊನೆಗೆ, ಹಿಂದಿನ ದಿನ, ಸನ್ಮಾನ ಆಗೋರಿಗೇ ಓದಿ ಹೇಳೋದು. ಸರ್‌ಪ್ರೈಸ್ ಹಾಳಾಗುತ್ತೆ ಅಂತ ಎಚ್‌ಆರ್‌ನವರು ಗೊಣಗ್ತಾರೆ, ಗೊಣಗಲಿ. ನಾನು "ವಾರ್ಮ್‌ಅಪ್ ಉಪಾಯ ಕಂಡುಹಿಡಿದವರು" ಅಂತ ಬರ್ಕೊಂಡಿದ್ದೆ. ಅವರು ತಲೆ ತುರಿಸ್ಕೊಂಡು, "ಅದು ನಂದಲ್ಲ ಸಾರ್. ನೋಟ್‌ಬುಕ್ ನೋಡಿ ಸೆಟರ್ ಅಣ್ಣ ಹೇಳಿದ್ದು, ಪ್ರೋಗ್ರಾಂ ಬರೆದಿದ್ದೂ ಅವರೇ. ನಾನು ಬರೆದಿಟ್ಟೆ ಅಷ್ಟೇ" ಅಂದ್ರು. ಮಷೀನಿಗೆ ಟೂಲು, ಪ್ರೋಗ್ರಾಂ ಹೊಂದಿಸಿ ಕೊಡೋ ಆ ಸೆಟರ್ ಮಾರನೇ ದಿನ ಅದೇ ಗುಂಪಿನಲ್ಲಿ ಎರಡನೇ ಸಾಲಲ್ಲಿ ನಿಂತಿರ್ತಿದ್ರು. ನಾನು ತಪ್ಪು ಹೇಳಿದ್ದಿದ್ರೆ ಒಬ್ಬರನ್ನ ಹೊಗಳಿ ಇಬ್ಬರ ನಡುವೆ ಹುಳಿ ಹಿಂಡಿದ ಹಾಗಾಗ್ತಿತ್ತು.

ಕೊನೆಗೆ ಆಡಿದ ಮಾತು ಹೆಚ್ಚುಕಮ್ಮಿ ಇದು. ಹೆಸರಿದ್ದ ಕಡೆ "ಇವರು" ಅಂತ ಹಾಕಿದ್ದೀನಿ.

"ಮೂರನೇ ಲೇಥಿನ ಬುಷ್ಷು ಬೆಳಗ್ಗೆ ಹೊತ್ತು ಬೋರ್ ದೊಡ್ಡದಾಗಿ ಸ್ಕ್ರ್ಯಾಪ್ ಆಗ್ತಿದ್ದದ್ದು ನಿಮಗೆಲ್ಲ ಗೊತ್ತು. ಫಸ್ಟ್ ಶಿಫ್ಟಿನವರ ಅಜಾಗ್ರತೆ ಅಂತ ನಾವು ಹೇಳ್ತಿದ್ವಿ. ನಾನೂ ಹೇಳಿದ್ದೆ, ಅದು ತಪ್ಪು. ಇನ್ಸರ್ಟ್ ಸವೆದ್ರೆ ಬೋರ್ ಸಣ್ಣದಾಗ್ಬೇಕಲ್ಲ, ದೊಡ್ಡದು ಯಾಕಾಗ್ತಿದೆ ಅಂತ ಕೇಳಿದವರು ಇವರು. ಕೇಳಿ ಬಿಡಲಿಲ್ಲ, ಮೂರು ವಾರ ಹೊತ್ತು ಹಾಕಿ ಅಳತೆ ಬರೆದಿಟ್ಟರು. ಆ ಹಾಳೆ ನೋಡಿ ವಾರ್ಮ್‌ಅಪ್ ಮಾಡೋಣ ಅಂತ ಹೇಳಿ ಪ್ರೋಗ್ರಾಂ ಬರೆದಿದ್ದು ನಮ್ಮ ಸೆಟರ್. ಅದಕ್ಕೆ ಮುಂಚಿನ 24 ದಿನ ಮೊದಲ ಗಂಟೆಯಲ್ಲಿ 43 ಪೀಸ್ ಹೋಗಿತ್ತು, ಆಮೇಲಿನ 24 ದಿನದಲ್ಲಿ 6. ಆ ಆರೂ ಕರೆಂಟ್ ಹೋಗಿ ಬಂದ ದಿನದ್ದು, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಇನ್‌ಸ್ಪೆಕ್ಷನ್ನಿನಲ್ಲಿ ಈಗ ಬೆಳಗಿನ ಟ್ರೇ ಬೇರೆ ಇಡೋದಿಲ್ಲ. ಸೋಮವಾರದಿಂದ ಒಂದನೇ ಮತ್ತು ನಾಲ್ಕನೇ ಲೇಥಿನಲ್ಲೂ ಇದೇ ಥರ ಬರೆದು ನೋಡ್ತೀವಿ. ಬರೆಯೋದು ಹೇಗೆ ಅಂತ ಇವರನ್ನ ಕೇಳಿ."

ಅಷ್ಟೇ, ಎರಡು ನಿಮಿಷದ ಒಳಗೆ ಮುಗೀತು. ಆಮೇಲೆ ಶಿಫ್ಟ್ ಇನ್‌ಚಾರ್ಜ್ ಇದನ್ನೇ ಹಿಂದಿಯಲ್ಲಿ ಹೇಳಿದ್ರು. ಒಡಿಶಾ, ಬಿಹಾರದ ಹುಡುಗರು ನಮ್ಮಲ್ಲಿ ಅರ್ಧದಷ್ಟಿದ್ರು, ಅರ್ಥವಾಗದ ಮಾತಿಗೆ ಚಪ್ಪಾಳೆ ತಟ್ಟಿಸೋದು ಸರಿಯಲ್ಲ.

ಮಾತು ಮುಗಿದ ಮೇಲೆ ಒಬ್ಬ ಕೇಳಿಯೇ ಬಿಟ್ಟ: "ಸಾರ್, ಇಪ್ಪತ್ತು ನಿಮಿಷ ಅಂದ್ರೆ ಐದು ಪೀಸು. ಎರಡು ಉಳಿಸೋಕೆ ಐದು ಕಳ್ಕೊಂಡ್ವಾ?" ಸೈಕಲ್ ಟೈಮ್ ನಾಲ್ಕು ನಿಮಿಷ, ಅವನ ಲೆಕ್ಕ ಸರಿ. ನಾನು ಈ ಪ್ರಶ್ನೆಗೆ ತಯಾರಾಗಿದ್ದೆ: ಸ್ಟೋರಿನಿಂದ ಜಾಬ್ ತರೋದು, ಗೇಜ್ ಇಸ್ಕೊಳ್ಳೋದು, ರಿಜಿಸ್ಟರ್ ತುಂಬೋದು, ಇದೆಲ್ಲ ಮುಗಿಯೋವರೆಗೆ ಮುಂಚೆಯೂ ಮಷೀನ್ ನಿಂತೇ ಇರ್ತಿತ್ತು, ಈಗ ಆ ಹೊತ್ತಿನಲ್ಲಿ ಓಡುತ್ತೆ. ತಯಾರಾಗದೆ ಹೋಗಿದ್ರೆ ಅಲ್ಲೇ ಬೆವರ್ತಿದ್ದೆ.

ನಾನು ಬೇಕಂತಲೇ ಬಿಟ್ಟ ಒಂದು ಮಾತೂ ಇದೆ. ಆ ತಿಂಗಳು ಅವರು ಒಂದೂ ರಜೆ ಹಾಕಿರಲಿಲ್ಲ. ಎಚ್‌ಆರ್ ಕಳಿಸಿದ ಚೀಟಿಯಲ್ಲಿ ಅದೇ ಮೊದಲನೇ ಸಾಲು. ಹಿಂದೊಮ್ಮೆ ನಾನೂ ಹಾಗೆ ಹೊಗಳಿದ್ದೆ. ಮುಂದಿನ ತಿಂಗಳು ಒಬ್ಬ ಜ್ವರ ಇಟ್ಕೊಂಡೇ ಬಂದು ಪ್ರೆಸ್ ಮುಂದೆ ಕೂತಿದ್ದ. ಅವನನ್ನ ಎಬ್ಬಿಸಿ ಮನೆಗೆ ಕಳಿಸೋಕೆ ಹೋದ್ರೆ, "ರಜೆ ಆಗುತ್ತಲ್ಲ ಸಾರ್" ಅಂದ. ಮೈಕ್ ಹಿಡಿದು ಯಾವುದನ್ನ ಹೊಗಳ್ತೀವೋ ಮಿಕ್ಕವರು ಅದನ್ನೇ ಮಾಡ್ತಾರೆ. ಓವರ್‌ಟೈಮಿನ ಹೊಗಳಿಕೆಯೂ ಹೀಗೇ.

"ನಮ್ಮದು ಆಫೀಸು, ಇಂಥ ಅಳತೆ ಎಲ್ಲಿ ಸಿಗುತ್ತೆ?" ಅಂತ ಕೇಳೋರಿದ್ದಾರೆ. ಅಂಕಿ ಇಲ್ಲದಿದ್ರೆ ಬೇಡ. ಬೆಳಗಿನ ಟ್ರೇ ಬೇರೆ ಇಡಲ್ಲ ಅನ್ನೋದರಲ್ಲಿ ಯಾವ ಅಂಕಿ ಇದೆ? ಯಾರೋ ಒಬ್ಬರ ಪಕ್ಕದ ಮೇಜಿನವರು ಮುಂಚೆ ಮಾಡ್ತಿದ್ದ ಯಾವ ತಲೆನೋವಿನ ಕೆಲಸವನ್ನ ಈಗ ಮಾಡ್ತಿಲ್ಲ ಅಂತ ಕೇಳಿ ನೋಡಿ.

ಕೇಳಿದ್ರೂ ಏನೂ ಸಿಗದ ತಿಂಗಳೂ ಬರುತ್ತೆ. ಒಂದು ಸಲ ಹಾಗಾಯ್ತು. ನಾಲ್ಕು ಜನರ ಕೆಲಸ ವಿಚಾರಿಸಿದೆ, ಎಲ್ಲರೂ ಚೆನ್ನಾಗೇ ಮಾಡಿದ್ರು, ಆದರೆ ಎದ್ದು ನಿಂತು ಹೇಳೋ ಥರದ್ದು ಏನೂ ಇರಲಿಲ್ಲ. ಸರದಿ ಪ್ರಕಾರ ವೆಲ್ಡಿಂಗ್ ಸೆಕ್ಷನ್ನಿಗೆ ಕೊಡಿ ಅಂತ ಎಚ್‌ಆರ್ ಒತ್ತಾಯ ಮಾಡಿತು. ನಾನು ಕೊಡಲಿಲ್ಲ. ಬಾಗಿಲ ಪಕ್ಕದ ಫ್ರೇಮಿನಲ್ಲಿ ಹಿಂದಿನ ತಿಂಗಳ ಫೋಟೋನೇ ಇನ್ನೊಂದು ತಿಂಗಳು ಇತ್ತು.