ನಕ್ಷೆಯಿಲ್ಲದ ನಡಿಗೆ, ಆರನೇ ವಾರ: ನೂರು ಮೀಟರ್ ಎಲ್ಲಿ ಹೋಯಿತು?

ಕಳೆದ ಭಾನುವಾರ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ನನ್ನ ಲೆಕ್ಕಕ್ಕೂ ನನ್ನ ಗಡಿಯಾರಕ್ಕೂ ಜಗಳವಾಯಿತು. ಅದನ್ನು ಬರೆದಿಡಬೇಕು. ಅದಕ್ಕೂ ಮೊದಲು, ಇಲ್ಲಿಯವರೆಗೆ ಏನೇನು ಮಾಡಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ.

ಆಟ ಇಷ್ಟೇ. ನಕ್ಷೆ ಇಲ್ಲ, ಫೋನ್ ನೋಡುವ ಹಾಗಿಲ್ಲ. ಯಾವ ದಿಕ್ಕಿಗೆ ಹೋದೆ, ಎಷ್ಟು ಹೆಜ್ಜೆ ಹಾಕಿದೆ, ಎಷ್ಟು ಹೊತ್ತು ನಡೆದೆ, ಈ ಮೂರನ್ನು ಬರೆದುಕೊಂಡು ನಾನೀಗ ಎಲ್ಲಿದ್ದೇನೆ ಅಂತ ಹೇಳಬೇಕು. ಆಮೇಲೆ ಹೊರಟ ಜಾಗಕ್ಕೆ ವಾಪಸ್ ಬರಬೇಕು. ಹಡಗಿನವರು ಇದನ್ನು ಡೆಡ್ ರೆಕನಿಂಗ್ ಅನ್ನುತ್ತಾರೆ.

ಮೊದಲ ಎರಡು ವಾರ ಬರೀ ಹೆಜ್ಜೆ ಅಳೆಯುವುದರಲ್ಲೇ ಹೋಯಿತು. ಪರಿಚಯದ ಮೇಸ್ತ್ರಿ ಹತ್ತಿರ ಐವತ್ತು ಮೀಟರ್ ಟೇಪು ಇಸ್ಕೊಂಡು ಮನೆ ಹತ್ತಿರದ ಮೈದಾನದಲ್ಲಿ 100 ಮೀಟರ್ ಗುರುತು ಮಾಡಿದೆ. ಬಲಗಾಲು ನೆಲಕ್ಕೆ ಬಿದ್ದಾಗ ಮಾತ್ರ ಎಣಿಸುವುದು. ಅಂದರೆ ಒಂದು ಎಣಿಕೆಗೆ ಎರಡು ಹೆಜ್ಜೆ, ನಾನು ಅದನ್ನು ಜೋಡಿ ಅಂತ ಕರೆಯುತ್ತೇನೆ. ಬರಿಗೈಯಲ್ಲಿ 66 ಜೋಡಿ, ಬೆನ್ನಿಗೆ ಚೀಲ ಹಾಕಿದರೆ 68. ಅದೇ ಕಾಡಿನೊಳಗೆ, ಕಲ್ಲು ಲಂಟಾನ ಎಲ್ಲಾ ಇರುವ ಕಡೆ ಟೇಪು ಹಿಡಿದು ನೋಡಿದರೆ 74. ಏರು ಹತ್ತುವಾಗ 82ಕ್ಕೂ ಹೋಯಿತು. ಮೈದಾನದ ಅಂಕಿಯನ್ನೇ ನಂಬಿಕೊಂಡು ಕಾಡಿಗೆ ಹೋದವರು ಹತ್ತು ಹೆಜ್ಜೆಗೆ ಸುಮಾರು ಒಂದು ಹೆಜ್ಜೆ ಸುಳ್ಳು ಹೇಳಿಕೊಳ್ಳುತ್ತಾರೆ. ಹಾಗಾಗಿ ಎಲ್ಲಿ ನಡೆಯುತ್ತೀರೋ ಅಂಥ ನೆಲದಲ್ಲೇ ಅಳತೆ ತೆಗೆಯಿರಿ, ಅದೂ ನಾಲ್ಕೈದು ಸಲ.

ಪ್ರತಿ ನೂರು ಮೀಟರಿಗೆ ಬಲ ಜೇಬಿನಿಂದ ಒಂದು ಹುಣಸೆ ಬೀಜ ಎಡ ಜೇಬಿಗೆ. ಇದಕ್ಕೆ ಅಂತಲೇ ಮಣಿ ಪೋಣಿಸಿದ ದಾರ ಸಿಗುತ್ತದೆ, ಆದರೆ ಅಡುಗೆಮನೆಯಲ್ಲಿ ಬೀಜ ಪುಕ್ಕಟೆ.

ಮೂರನೇ ವಾರ ಕಂಪಾಸ್ ಕೈಕೊಟ್ಟಿತು. ಒಂದು ಮರದಿಂದ ಇನ್ನೊಂದು ಮರಕ್ಕೆ ಬೇರಿಂಗ್, ಅಂದರೆ ಉತ್ತರದಿಂದ ಬಲಕ್ಕೆ ಎಣಿಸಿದ ದಿಕ್ಕಿನ ಕೋನ, 70 ಡಿಗ್ರಿ ಬಂತು. ಅಲ್ಲಿಗೆ ಹೋಗಿ ತಿರುಗಿ ಹಳೇ ಮರವನ್ನು ನೋಡಿದರೆ 250 ಬರಬೇಕು, 180 ವ್ಯತ್ಯಾಸ ಇರಲೇಬೇಕಲ್ವಾ. 243 ಬಂತು. ಮತ್ತೆ ಮತ್ತೆ ನೋಡಿದರೂ 243. ಕೊನೆಗೆ ಗೊತ್ತಾಗಿದ್ದು, ಎದೆ ಜೇಬಿನಲ್ಲಿದ್ದ ಫೋನಿನ ಕವರಿಗೆ ಆಯಸ್ಕಾಂತದ ಮುಚ್ಚಳ ಇತ್ತು. ಕಷ್ಟ ಏನೆಂದರೆ ಇದು ಎಲ್ಲಾ ದಿಕ್ಕಿಗೂ ಒಂದೇ ಥರ ತಪ್ಪು ತೋರಿಸುವುದಿಲ್ಲ. ಆಯಸ್ಕಾಂತ ನನ್ನ ಜೊತೆಗೇ ತಿರುಗುತ್ತದೆ, ಹಾಗಾಗಿ ಒಂದು ಕಡೆ ಮುಖ ಮಾಡಿದರೆ ಮುಳ್ಳನ್ನು ಎಡಕ್ಕೆ ಎಳೆಯುತ್ತದೆ, ಇನ್ನೊಂದು ಕಡೆ ಮುಖ ಮಾಡಿದರೆ ಬಲಕ್ಕೆ. ಕಬ್ಬಿಣದ ಹಡಗಿನ ಕಂಪಾಸಿಗೂ ಇದೇ ಕಾಯಿಲೆ. ನಾಲ್ಕು ಡಿಗ್ರಿ ತಪ್ಪಿದರೆ 400 ಮೀಟರ್ ನಡೆಯುವಷ್ಟರಲ್ಲಿ 28 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಈಗ ಫೋನ್ ಚೀಲದ ತಳದಲ್ಲಿ. ಒಂದೇ ದಿಕ್ಕಿಗೆ ನೇರವಾಗಿ ನಡೆಯುವ ಒಂದೊಂದು ತುಂಡನ್ನೂ ಸಾಲು ಅನ್ನುತ್ತೇನೆ. ಪ್ರತಿ ಸಾಲಿನ ಕೊನೆಯಲ್ಲಿ ತಿರುಗಿ ನೋಡಿ ಹಿಂದಿನ ಬೇರಿಂಗ್ ತಾಳೆ ಹಾಕದೆ ಮುಂದೆ ಹೋಗುವುದಿಲ್ಲ.

ನಾಲ್ಕನೇ ವಾರ ಮಳೆ. ಐದನೇ ವಾರ ಸೋಮಾರಿತನ.

ಈಗ ಭಾನುವಾರದ ಕಥೆ. ಜೊತೆಗೆ ತಂಗಿ ಬಂದಿದ್ದಳು, ಹಿಂದೆ ಹಿಂದೆ ಬರುವುದು, ಬಾಯಿ ಮುಚ್ಚಿಕೊಂಡಿರುವುದು ಅವಳ ಕೆಲಸ. ಒಂದು ದೊಡ್ಡ ಬಂಡೆಯಿಂದ ಹೊರಟೆವು. ಬಂಡೆ ಪಕ್ಕದಲ್ಲೇ ಒಂದು ಮಣ್ಣಿನ ದಾರಿ. ಹೊರಡುವ ಮೊದಲು ಆ ದಾರಿಯ ಉದ್ದಕ್ಕೂ ಕಂಪಾಸ್ ಹಿಡಿದು ನೋಡಿದೆ, ಹೆಚ್ಚುಕಮ್ಮಿ ನೇರ ಉತ್ತರ ದಕ್ಷಿಣ. ಸುಮ್ನೆ ಬರೆದುಕೊಂಡಿದ್ದು, ಕೊನೆಗೆ ಅದೇ ಕಾಪಾಡಿತು.

ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 50 ಮೀಟರ್. ಹಾಳೆಯ ಮೇಲ್ಭಾಗ ಅಂದರೆ ಕಂಪಾಸ್ ತೋರಿಸುವ ಉತ್ತರ. ನಿಜವಾದ ಉತ್ತರಕ್ಕೂ ಅದಕ್ಕೂ ಇರುವ ವ್ಯತ್ಯಾಸದ ತಲೆನೋವು ಇಲ್ಲಿ ಬೇಕಾಗಿಲ್ಲ. ಬೇರೆಯವರು ಬರೆದ ನಕ್ಷೆಗೆ ಹೊಂದಿಸುವುದಿಲ್ಲವಲ್ಲ, ನನ್ನ ಗೆರೆಗಳೆಲ್ಲಾ ಅದೇ ಮುಳ್ಳಿನಿಂದ ಬಂದಿದ್ದು.

ಮೊದಲ ಸಾಲು 40 ಡಿಗ್ರಿ, ನಾಲ್ಕು ಬೀಜ, 6 ನಿಮಿಷ 50 ಸೆಕೆಂಡ್. ಎರಡನೆಯದು 120 ಡಿಗ್ರಿ, ಮೂರು ಬೀಜ, 5 ನಿಮಿಷ 5 ಸೆಕೆಂಡ್. ಮಧ್ಯೆ ಒಂದು ಬಂಡೆ ಅಡ್ಡ ಬಂತು. ಬಲಕ್ಕೆ 90 ಡಿಗ್ರಿ ತಿರುಗಿ 20 ಜೋಡಿ, ನೇರ ಮುಂದೆ, ಮತ್ತೆ ಎಡಕ್ಕೆ 20 ಜೋಡಿ. ಮುಂದೆ ನಡೆದಿದ್ದು ಮಾತ್ರ ಲೆಕ್ಕಕ್ಕೆ, ಪಕ್ಕಕ್ಕೆ ಹೋಗಿ ಬಂದಿದ್ದು ಇಲ್ಲ, ಆ ಹೊತ್ತಿಗೆ ಗಡಿಯಾರವೂ ಬಂದ್. ಮೂರನೇ ಸಾಲು 200 ಡಿಗ್ರಿ, ನಾಲ್ಕು ಬೀಜ, 8 ನಿಮಿಷ 25 ಸೆಕೆಂಡ್.

ಅಲ್ಲಿ ಕೂತು ಗೆರೆ ಎಳೆದೆ. ಹಾಳೆ ಪ್ರಕಾರ ನಾವು ಹೊರಟ ಬಂಡೆ 300 ಡಿಗ್ರಿ ದಿಕ್ಕಿನಲ್ಲಿ, ಸುಮಾರು 440 ಮೀಟರ್ ದೂರ. ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಟೈಮಿನ ಕಾಲಂ ಕಣ್ಣಿಗೆ ಬಿತ್ತು. ಮೊದಲೆರಡು ಸಾಲಲ್ಲಿ ನೂರು ಮೀಟರಿಗೆ ನೂರು ಸೆಕೆಂಡ್ ಚಿಲ್ಲರೆ ತಗೊಂಡಿದ್ದೇನೆ. ಮೂರನೇ ಸಾಲಲ್ಲಿ 505 ಸೆಕೆಂಡ್ ಅನ್ನು ನಾಲ್ಕರಿಂದ ಭಾಗಿಸಿದರೆ 126. ಏರು ಹತ್ತಿದ್ದರೆ ಸರಿ. ಆದರೆ ಅದು ಸಮತಟ್ಟು ನೆಲ. ಐದರಿಂದ ಭಾಗಿಸಿದರೆ 101, ಮೊದಲಿನದಕ್ಕೆ ಪಕ್ಕಾ ಹೊಂದುತ್ತದೆ.

ಅಂದರೆ ಒಂದು ಬೀಜ ಜೇಬು ಬದಲಿಸಿಲ್ಲ. ಲಂಟಾನದ ಪೊದೆಯೊಂದರ ಕೆಳಗೆ ಬಗ್ಗಿ ದಾಟಿದ್ದು ನೆನಪಿದೆ. ಬಹುಶಃ ಅಲ್ಲಿ 74 ಮುಗಿಸಿ, ಕೈ ಜೇಬಿಗೆ ಹೋಗದೆ, ಬಾಯಿ ಮಾತ್ರ ಮತ್ತೆ ಒಂದರಿಂದ ಶುರು ಮಾಡಿದೆ. ಇಲ್ಲಾಂದ್ರೆ ನಾನೇ ಎಲ್ಲೋ ನಿಂತು ಗಡಿಯಾರ ನಿಲ್ಲಿಸಲು ಮರೆತಿರಬೇಕು. ತಂಗಿಯನ್ನು ಕೇಳಿದೆ.

"ಅಣ್ಣ, ನವಿಲು ಕೂಗಿದಾಗ ನೀನು ಸ್ವಲ್ಪ ನಿಂತೆ. ಎಷ್ಟು ಹೊತ್ತು ಅಂತ ನಾನೇನು ನೋಡಿಲ್ಲ. ಮಾತಾಡಬೇಡ ಅಂದಿದ್ದೆ ಅಲ್ವಾ?"

ಒಳ್ಳೇ ಸಾಕ್ಷಿ.

ಎರಡನೇ ಗೆರೆಯನ್ನೂ ಎಳೆದೆ. ಮೂರನೇ ಸಾಲು 500 ಮೀಟರ್ ಆಗಿದ್ದರೆ ಬಂಡೆ 312 ಡಿಗ್ರಿಯಲ್ಲಿ, 465 ಮೀಟರ್ ಹತ್ತಿರ. ಒಂದು ಬೀಜಕ್ಕೆ 12 ಡಿಗ್ರಿ ವ್ಯತ್ಯಾಸ! ನೇರವಾಗಿ ಬಂಡೆಗೇ ಗುರಿ ಇಟ್ಟು ಹೋಗಿ, ಅದು ಸಿಗದಿದ್ದರೆ, ಎಡಕ್ಕೆ ಹುಡುಕಬೇಕೋ ಬಲಕ್ಕೋ ಗೊತ್ತಾಗುವುದಿಲ್ಲ. ಎರಡರ ಮಧ್ಯೆ 306 ಹಿಡಿಯೋಣ ಅಂತ ಮನಸ್ಸು ಹೇಳಿತು. ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಯಾಕೆಂದರೆ ಆಗ ಬಂಡೆ ಎರಡು ಕಡೆಯೂ ಇರಬಹುದು.

ಮಣ್ಣಿನ ದಾರಿ ನೆನಪಾಗಿದ್ದು ಆಗ. ಅದು ಬಂಡೆಯ ಪಕ್ಕದಿಂದ ದಕ್ಷಿಣಕ್ಕೆ ಉದ್ದಕ್ಕೆ ಹೋಗುತ್ತದೆ, ನಾನು ಅದರ ಪೂರ್ವಕ್ಕಿದ್ದೇನೆ. ಹಾಗಾದರೆ ಬಂಡೆಯನ್ನು ಬಿಟ್ಟು ದಾರಿಗೇ ಗುರಿ ಇಡೋಣ, ಅದೂ ಬೇಕಂತಲೇ ಬಂಡೆಯ ದಕ್ಷಿಣಕ್ಕೆ. 295 ಡಿಗ್ರಿ ಹಿಡಿದರೆ, ನನ್ನ ಬೀಜದ ಲೆಕ್ಕ ಸರಿಯಿದ್ದರೂ ದಾರಿ ಸಿಗುವುದು ಬಂಡೆಗಿಂತ 40 ಮೀಟರ್ ದಕ್ಷಿಣಕ್ಕೆ. ಗಡಿಯಾರ ಸರಿಯಿದ್ದರೆ 150 ಮೀಟರ್ ದಕ್ಷಿಣಕ್ಕೆ. ಯಾವುದು ನಿಜವಾದರೂ ದಾರಿ ಸಿಕ್ಕ ಕೂಡಲೇ ಬಲಕ್ಕೆ ತಿರುಗಿದರೆ ಆಯಿತು.

ಹಾಳೆ ನೋಡುತ್ತಾ ಇನ್ನೊಂದು ಹೊಳೆಯಿತು, ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಬೀಜ ಸರಿಯಿದ್ದರೆ ದಾರಿ ಸಿಗುವುದು 420 ಮೀಟರಿಗೆ, ಗಡಿಯಾರ ಸರಿಯಿದ್ದರೆ 380ಕ್ಕೆ. ಅಂದರೆ ದಾರಿ ಬಂದ ಜಾಗವೇ ಜಗಳದಲ್ಲಿ ಯಾರು ಗೆದ್ದರು ಅಂತ ಹೇಳುತ್ತದೆ. ಆದರೆ ಎರಡರ ನಡುವೆ ಇರುವುದು 40 ಮೀಟರ್ ಮಾತ್ರ, ನನ್ನ ಹೆಜ್ಜೆ ನೂರಕ್ಕೆ ಐದು ತಪ್ಪಿದರೂ 20 ಮೀಟರ್ ಅದರಲ್ಲೇ ಹೋಗುತ್ತದೆ. ಹಾಗಾಗಿ ಪ್ರತಿ ಜೋಡಿಯನ್ನೂ ಗಟ್ಟಿಯಾಗಿ ಎಣಿಸಿದೆ. ಮುಳ್ಳು ನೋಡುತ್ತಾ ನಡೆಯಲಿಲ್ಲ, ಹಾಗೆ ನಡೆದರೆ ಒಂದು ಕಡೆಗೆ ವಾಲಿಕೊಂಡೇ ಹೋಗುತ್ತೇವೆ. ಆ ದಿಕ್ಕಿನಲ್ಲಿ ಹತ್ತಿರದ ಒಂದು ಮರ ಗುರುತಿಟ್ಟುಕೊಳ್ಳುವುದು, ಅಲ್ಲಿಗೆ ಹೋಗಿ ಮುಂದಿನ ಮರ. ನೀಲಗಿರಿ ತೋಪಿನಲ್ಲಿ ಎಲ್ಲಾ ಮರಗಳೂ ಒಂದೇ ಥರ ಕಾಣುತ್ತವೆ, ಅದಕ್ಕೇ ಬುಡದಲ್ಲಿ ಕಲ್ಲು, ಹುತ್ತ ಏನಾದರೂ ಇರುವ ಮರವನ್ನೇ ಆರಿಸಿದೆ.

ಮೂರು ಬೀಜ, ಆಮೇಲೆ 64 ಜೋಡಿ. ದಾರಿ. 64 ಜೋಡಿ ಅಂದರೆ 86 ಮೀಟರ್, ಒಟ್ಟು 386.

ಗಡಿಯಾರ ಗೆದ್ದಿತು. ಬಲಕ್ಕೆ ತಿರುಗಿದೆವು. 150 ಮೀಟರ್ ನಡೆಯಬೇಕಿತ್ತು, 87 ಜೋಡಿಗೇ ಬಂಡೆ ಸಿಕ್ಕಿತು. ದಾರಿಯಲ್ಲಿ ನೂರಕ್ಕೆ 68ರ ಲೆಕ್ಕ, ಅಂದರೆ 128 ಮೀಟರ್. 1,586 ಮೀಟರ್ ಕಾಡಿನಲ್ಲಿ ಸುತ್ತಿ 22 ಮೀಟರಿನ ತಪ್ಪು. ನನ್ನ ಹೆಜ್ಜೆಗಿಂತ ಚೆನ್ನಾಗಿಯೇ ಬಂತು, ಇದರಲ್ಲಿ ಸ್ವಲ್ಪ ಅದೃಷ್ಟವೂ ಇದೆ, ಒಂದು ಸಾಲಿನ ತಪ್ಪನ್ನು ಇನ್ನೊಂದು ಸಾಲು ನುಂಗಿರುತ್ತದೆ. ಆದರೆ ನಾಲ್ಕು ಬೀಜವನ್ನೇ ನಂಬಿ 300 ಡಿಗ್ರಿ ಹಿಡಿದು ಬಂದಿದ್ದರೆ ಬಂಡೆಗಿಂತ ನೂರು ಮೀಟರ್ ಹತ್ತಿರ ದಕ್ಷಿಣಕ್ಕೆ ದಾರಿ ಸಿಕ್ಕು, ಬಂಡೆ ಎಲ್ಲಿ ಅಂತ ಪಿಳಿಪಿಳಿ ಕಣ್ಣು ಬಿಡುತ್ತಿದ್ದೆ.

ಇಷ್ಟು ದಿನ ನಾನು ಟೈಮ್ ಬರೆಯುತ್ತಿದ್ದಿದ್ದು ದೂರ ಅಳೆಯುವುದಕ್ಕೆ ಅಂದುಕೊಂಡಿದ್ದೆ. ಅದಕ್ಕೆ ಅದು ಅಷ್ಟೇನೂ ಒಳ್ಳೆಯದಲ್ಲ, ಸುಸ್ತಾದರೆ, ಬಿಸಿಲು ಏರಿದರೆ ವೇಗ ಬದಲಾಗುತ್ತದೆ. ಹತ್ತಿಪ್ಪತ್ತು ಮೀಟರಿನ ಸಣ್ಣ ತಪ್ಪು ಅದಕ್ಕೆ ಕಾಣುವುದೇ ಇಲ್ಲ. ಆದರೆ ಎಣಿಕೆಯ ದೊಡ್ಡ ತಪ್ಪು ಯಾವಾಗಲೂ ಒಂದು ಪೂರ್ತಿ ನೂರು ಮೀಟರಿನದು, ಅದು ನನಗೆ ನೂರು ಸೆಕೆಂಡ್. ಅಷ್ಟು ದೊಡ್ಡದನ್ನು ಗಡಿಯಾರ ಬಿಡುವುದಿಲ್ಲ. ಸಾಲು ಉದ್ದವಾದಷ್ಟೂ ಹಿಡಿಯುವುದು ಕಷ್ಟ, ಹತ್ತು ಬೀಜದ ಸಾಲಿನಲ್ಲಿ ಒಂದು ಹೋದರೆ ಅದು ನಿಧಾನವಾಗಿ ನಡೆದ ಹಾಗೇ ಕಾಣುತ್ತದೆ. ಅದಕ್ಕೇ ಐದು ಬೀಜಕ್ಕಿಂತ ಉದ್ದದ ಸಾಲು ಇನ್ನು ಹಾಕುವುದಿಲ್ಲ.

ಇನ್ನೊಂದು ಬದಲಾವಣೆ. ಸಾಲಿನ ಕೊನೆಗೆ ಮಾತ್ರ ಟೈಮ್ ಬರೆದಿದ್ದಕ್ಕೇ ನವಿಲೋ ಲಂಟಾನವೋ ಅಂತ ಅನುಮಾನ ಉಳಿಯಿತು. ಈಗ ಪುಸ್ತಕದಲ್ಲಿ ಬೀಜಕ್ಕೊಂದು ಗೆರೆ, ಪಕ್ಕದಲ್ಲಿ ಆ ಕ್ಷಣದ ಟೈಮ್. ಎರಡು ಗೆರೆಗಳ ನಡುವೆ 200 ಸೆಕೆಂಡ್ ಕಂಡರೆ ನಿಂತಿದ್ದೆನಾ, ಮರೆತೆನಾ ಅಂತ ಅಲ್ಲೇ ನೆನಪಿಸಿಕೊಳ್ಳಬಹುದು, ಆಗಿನ್ನೂ ಆ ಪೊದೆ ಹಿಂದೆ ತಿರುಗಿದರೆ ಕಾಣುತ್ತಿರುತ್ತದೆ. ನಿಂತಿದ್ದಕ್ಕೆ ಪಕ್ಕದಲ್ಲಿ "ನಿ" ಅಂತ ಬರೆಯುವುದು. ಅದನ್ನು ಬರೆಯುವ ಕೆಲಸ ತಂಗಿಗೆ ಕೊಟ್ಟಿದ್ದೇನೆ, ಮಾತಾಡದೆ ಮಾಡಬಹುದಾದ ಕೆಲಸ ಅದು.